ಮಾಸಿದ ಮೂರನೇ ಹಾಳೆ

ಬ್ಯಾಂಕಿಗೆ ಜಗಳಕ್ಕೆಂದೇ ಹೋದ ದಿನ ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡಿದ್ದೆ. ಹರಕಲು ಸೀರೆಯಲ್ಲಿ ಹೋಗಿ ನಿಂತರೆ ನ್ಯಾಯ ನಮ್ಮ ಕಡೆ ಇದ್ದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ ಎಂಬುದನ್ನು ಶಿಡ್ಲಘಟ್ಟದ ಬೀದಿಯಲ್ಲಿ ವ್ಯಾಪಾರ ಮಾಡುತ್ತಲೇ ಕಲಿತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಹೇಳುವುದಿಲ್ಲ. ಅವತ್ತಂತೂ ದಾರಿಯುದ್ದಕ್ಕೂ ಮ್ಯಾನೇಜರಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೇ ನಡೆದೆ. ಎದುರು ಸಿಕ್ಕಿ ಮಾತಾಡಿಸಿದವರಿಗೂ ಸರಿಯಾಗಿ ಉತ್ತರ ಕೊಡಲಿಲ್ಲ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಚಂದ್ರಿಕೆ ಮಾಡಿಸಿ ಮಾರುತ್ತಿದ್ದೆ. ರೇಷ್ಮೆ ಹುಳು ಹಣ್ಣಾದಾಗ, ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ಸಿದ್ಧವಾದಾಗ, ಅದನ್ನು ತೆಗೆದು ಬಿಡುವ ಬಿದಿರಿನ ದೊಡ್ಡ ಚಾಪೆಯೇ ಚಂದ್ರಿಕೆ. ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿಯಾಗಿ ನಿಲ್ಲಿಸಿ ಕಟ್ಟಿರುತ್ತೇವೆ, ಹುಳು ಆ ಸಂದಿಯಲ್ಲಿ ಕೂತು ನೂಲು ಬಿಡುತ್ತದೆ. ಹುಳು ಹಣ್ಣಾದ ಮೇಲೆ ಅದು ಯಾರ ಮಾತನ್ನೂ ಕೇಳುವುದಿಲ್ಲ. ಚಂದ್ರಿಕೆ ಇವತ್ತು ಬೇಕು ಎಂದರೆ ಇವತ್ತೇ ಬೇಕು. ನಾಳೆ ಕೊಡುತ್ತೇನೆ ಎಂದವಳ ಹತ್ತಿರ ರೈತ ಇನ್ನೊಮ್ಮೆ ಬರುವುದಿಲ್ಲ. ಈ ವ್ಯಾಪಾರ ನಿಂತಿರುವುದು ಎರಡರ ಮೇಲೆ, ಹಿತ್ತಿಲಲ್ಲಿ ಒಣಗಿದ ಬಿದಿರು ಮತ್ತು ಕೊಟ್ಟ ಮಾತು.

ವ್ಯಾಪಾರ ನನ್ನ ಗಂಡನದು. ಅವರು ಹೋದ ಮೇಲೆ ನನ್ನದಾಯಿತು. ಮಗಳಿಗೆ ಆಗ ನಾಲ್ಕು ವರ್ಷ. ತವರಿನಿಂದ ಅಮ್ಮ ಬಂದು ನನ್ನ ಜೊತೆಯಲ್ಲೇ ಉಳಿದಳು. ಅಣ್ಣ ಊರಲ್ಲೇ ಇದ್ದ, ಅಂಬಾಜಿದುರ್ಗದ ಕೆಳಗಿನ ಹಳ್ಳಿಯಲ್ಲಿ. ಸೋಮವಾರಕ್ಕೊಮ್ಮೆ ಗುರುವಾರಕ್ಕೊಮ್ಮೆ ಚಿಂತಾಮಣಿ ಬಸ್ಸು ಹಿಡಿದು ಬರುತ್ತಿದ್ದ. ಬಂದವನು ಸುಮ್ಮನೆ ಕೂರುತ್ತಿರಲಿಲ್ಲ. ರೈತರಿಂದ ಬಾಕಿ ವಸೂಲಿ, ಕರೆಂಟು ಬಿಲ್ಲು, ಬ್ಯಾಂಕು, ಬಿದಿರು ಮಂಡಿ, ಎಲ್ಲದಕ್ಕೂ ಅವನೇ ಓಡಾಡುತ್ತಿದ್ದ. "ನೀನು ಹೆಂಗಸು, ಎಲ್ಲಾ ಕಡೆ ಯಾಕೆ ಅಲೀತೀಯ, ನಾನಿಲ್ವಾ" ಅನ್ನುತ್ತಿದ್ದ. ಅಂಥ ಅಣ್ಣ ಇದ್ದಾನೆಂದು ಬೀದಿಯಲ್ಲಿ ಜಂಬ ಕೊಚ್ಚಿಕೊಂಡಿದ್ದೇನೆ. ಅಕ್ಕಪಕ್ಕದ ಹೆಂಗಸರ ಹೊಟ್ಟೆ ಉರಿಸಿದ್ದೇನೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಅನ್ನಿಸುತ್ತದೆ.

ಬಿದಿರು ಕೊಡುತ್ತಿದ್ದವರು ಮಂಡಿಯ ಸಾಹೇಬರು. ಬಿಳಿ ಗಡ್ಡದ, ಸಣ್ಣ ದನಿಯ ಮನುಷ್ಯ. ನನ್ನ ಗಂಡನ ಕಾಲದಿಂದಲೂ ಲೋಡು ಇಳಿಸಿ ಹೋಗುತ್ತಿದ್ದರು, ತಿಂಗಳು ಬಿಟ್ಟು ದುಡ್ಡು ತೆಗೆದುಕೊಳ್ಳುತ್ತಿದ್ದರು. ದುಡ್ಡನ್ನು ಚೆಕ್ಕಿನಲ್ಲಿ ಕೊಡುವುದು ನನ್ನ ಗಂಡ ಹಾಕಿಕೊಟ್ಟ ಪದ್ಧತಿ. ಆದರೆ ಚೆಕ್ಕಿನ ಮೂಲೆಯಲ್ಲಿ ಎರಡು ಅಡ್ಡಗೆರೆ ಎಳೆಯುತ್ತಿರಲಿಲ್ಲ. ಗೆರೆ ಎಳೆದ ಚೆಕ್ಕು ಖಾತೆಗೇ ಹೋಗಬೇಕು, ಎಳೆಯದ ಚೆಕ್ಕನ್ನು ಯಾರು ತಂದು ಕೊಟ್ಟರೂ ಬ್ಯಾಂಕಿನಲ್ಲಿ ನಗದು ಎಣಿಸಿ ಕೊಡುತ್ತಾರೆ. ಸಾಹೇಬರು ಒಮ್ಮೊಮ್ಮೆ ತಾವೇ ನಗದು ತೆಗೆಯುತ್ತಿದ್ದರು, ಒಮ್ಮೊಮ್ಮೆ ಲಾರಿಯವನ ಕೈಗೆ ಹಾಗೆಯೇ ದಾಟಿಸುತ್ತಿದ್ದರು. ಅದೂ ಅಲ್ಲದೆ ಹಿರಿಯರ ಕೈಗೆ ಗೆರೆ ಎಳೆದ ಚೆಕ್ಕು ಕೊಟ್ಟರೆ ನಮ್ಮ ಬೀದಿಯಲ್ಲಿ ಮುಖದ ಮೇಲೆ ಹೊಡೆದ ಹಾಗೆ. ನಿನ್ನ ಮೇಲೆ ನನಗೆ ನಂಬಿಕೆ ಇಲ್ಲ ಎಂದು ಹೇಳಿದ ಹಾಗೆ.

ಗಂಡ ಹೋದ ನಾಲ್ಕನೇ ವರ್ಷ ಯುಗಾದಿ ಕಳೆದ ವಾರದಲ್ಲಿ ಒಂದು ಲೋಡಿನ ಪೂರ್ತಿ ದುಡ್ಡಿಗೆ ಚೆಕ್ಕು ಬರೆದು, ಸಾಹೇಬರಿಗೆ ಮುಟ್ಟಿಸೆಂದು ಅಣ್ಣನ ಕೈಗೆ ಕೊಟ್ಟೆ. ಸಂಜೆ ಬಂದು "ಕೊಟ್ಟೆ ಕಣಮ್ಮ" ಅಂದ. ಅಲ್ಲಿಗೆ ನನ್ನ ತಲೆಯಿಂದ ಅದು ಇಳಿದುಹೋಯಿತು.

ಮೂರು ತಿಂಗಳಾಗಿ ಆಷಾಢ ಹಿಡಿದಾಗ ಸಾಹೇಬರು ಅಂಗಡಿಗೆ ಬಂದರು. ಹೊರಗೆ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತು, "ಅಮ್ಮಾ, ಹೋದ ಲೋಡಿಂದು ದುಡ್ಡು ಇನ್ನೂ ಬರಲಿಲ್ಲ. ನನಗೂ ಸ್ವಲ್ಪ ಕಷ್ಟ ಆಗಿದೆ, ಅದಕ್ಕೆ ಕೇಳ್ತಾ ಇದೀನಿ" ಅಂದರು.

ನಾನು ಕೂತಲ್ಲಿಂದ ಎದ್ದೆ. "ಏನು ಸಾಹೇಬ್ರೇ, ಯುಗಾದಿಯಲ್ಲೇ ಚೆಕ್ಕು ಕೊಟ್ಟಿದೀನಲ್ಲ."

"ನನಗೆ ಬಂದಿಲ್ಲಮ್ಮ."

"ಬಂದಿಲ್ಲ ಅಂದ್ರೆ? ನಾನು ಸುಳ್ಳು ಹೇಳ್ತೀನಾ?"

ಅವರು ಸುಮ್ಮನಿದ್ದದ್ದೇ ನನ್ನ ನೆತ್ತಿಗೇರಿತು. ನಾಲ್ಕು ಜನ ರೈತರು ಕೂತಿದ್ದರು, ಎದುರು ಅಂಗಡಿಯವರು ಬಗ್ಗಿ ನೋಡುತ್ತಿದ್ದರು. ಗಂಡನಿಲ್ಲದ ಹೆಂಗಸು ಎಂದು ಎರಡು ಸಲ ದುಡ್ಡು ಹೊಡೆಯಲು ಬಂದಿದ್ದೀರಾ ಎಂದು ಕೇಳಿಬಿಟ್ಟೆ. ಆ ವಯಸ್ಸಾದ ಮನುಷ್ಯನಿಗೆ, ಬೀದಿಯೆಲ್ಲಾ ಕೇಳುವ ಹಾಗೆ. ಅವರು ಚಪ್ಪಲಿ ಹಾಕಿಕೊಂಡು, "ದುಡ್ಡು ಹೋಗಿದ್ರೆ ಬ್ಯಾಂಕಿನ ಕಾಗದದಲ್ಲಿ ಇರುತ್ತಲ್ಲಮ್ಮ, ಅದನ್ನ ತೋರಿಸಿ. ತೋರಿಸೋವರೆಗೂ ಹೊಸ ಲೋಡು ಇಳಿಸೋಕೆ ಆಗಲ್ಲ" ಎಂದು ಹೇಳಿ ಹೊರಟುಹೋದರು.

ಹಿತ್ತಿಲಲ್ಲಿದ್ದ ಬಿದಿರು ಹೆಚ್ಚೆಂದರೆ ಇಪ್ಪತ್ತೈದು ದಿನಕ್ಕೆ ಬರುತ್ತಿತ್ತು. ಅದು ಮುಗಿದರೆ ಹೆಣೆಯುವ ಆರು ಜನ ಹೆಂಗಸರನ್ನು ಮನೆಗೆ ಕಳಿಸಬೇಕು, ಮುಂಗಡ ಕೊಟ್ಟ ರೈತರಿಗೆ ಇಲ್ಲ ಅನ್ನಬೇಕು. ಬೇರೆ ಮಂಡಿಗೆ ಹೋಗೋಣವೆಂದರೆ ಸಾಹೇಬರ ದುಡ್ಡು ತಿಂದವಳು ಎಂಬ ಮಾತು ನನಗಿಂತ ಮುಂಚೆ ಅಲ್ಲಿಗೆ ಹೋಗಿ ಕೂತಿರುತ್ತದೆ. ಆ ಒಂದು ಸಾಲು ನನಗೆ ಬೇಕಿತ್ತು, ಚೆಕ್ಕು ಪಾಸಾಗಿದೆ ಎನ್ನುವ ಒಂದು ಸಾಲು.

ಟ್ರಂಕಿನಿಂದ ಬ್ಯಾಂಕಿನ ಸ್ಟೇಟ್‌ಮೆಂಟುಗಳನ್ನು ತೆಗೆದೆ. ನಮ್ಮ ಬ್ರಾಂಚಿಗೆ ಅದೇ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಎರಡು ಬದಿಯಲ್ಲಿ ತೂತಿರುವ ಉದ್ದನೆಯ ಕಾಗದದಲ್ಲಿ ಕಿರ್ರ್ ಎಂದು ಅಚ್ಚು ಹಾಕಿ, ಹಾಳೆ ಹಾಳೆಯಾಗಿ ಹರಿದು, ಪಿನ್ನು ಹೊಡೆದು ತಿಂಗಳಿಗೊಮ್ಮೆ ಕೊಡುತ್ತಿದ್ದರು. ನಾನು ಓದಿದ್ದು ಕನ್ನಡದಲ್ಲಿ ಎಸ್ಸೆಸ್ಸೆಲ್ಸಿವರೆಗೆ. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲೆ, ಅಂಕಿ ಚೆನ್ನಾಗಿಯೇ ಓದಬಲ್ಲೆ. ಆದರೆ ಅಲ್ಲಿಯವರೆಗೂ ಒಂದು ದಿನವೂ ಬಿಡಿಸಿ ನೋಡಿರಲಿಲ್ಲ. ಅಣ್ಣ ತಂದುಕೊಡುತ್ತಿದ್ದ, ನಾನು ಟ್ರಂಕಿಗೆ ಹಾಕುತ್ತಿದ್ದೆ.

ಯುಗಾದಿ ತಿಂಗಳದ್ದು ಮೂರು ಹಾಳೆ. ಮೊದಲೆರಡು ಸ್ಪಷ್ಟವಾಗಿದ್ದವು. ಮೂರನೆಯದರಲ್ಲಿ ಪ್ರಿಂಟರಿನ ರಿಬ್ಬನ್ನು ಒಣಗಿಹೋಗಿತ್ತೋ ಏನೋ, ಅಕ್ಷರ ಎಲ್ಲಾ ಮಾಸಿ ಬರೀ ಚುಕ್ಕಿ. ಬಿಸಿಲಿಗೆ ಹಿಡಿದೆ, ದೀಪದ ಮುಂದೆ ಹಿಡಿದೆ, ಪಕ್ಕದ ಮೇಷ್ಟರ ಭೂತಗನ್ನಡಿ ತಂದು ನೋಡಿದೆ. ಇರುವ ಅಂಕಿ ಏಳೋ ಒಂದೋ ಗೊತ್ತಾಗಲಿಲ್ಲ. ಮುಂದಿನ ತಿಂಗಳ ಮೊದಲ ಸಾಲಿಗೆ ಬರುವಷ್ಟರಲ್ಲಿ ಖಾತೆಯಿಂದ ದುಡ್ಡು ಇಳಿದಿತ್ತು ನಿಜ. ಆದರೆ ಆ ಹಾಳೆಯಲ್ಲಿ ಇನ್ನೂ ಏಳೆಂಟು ಚೆಕ್ಕು, ನಾಲ್ಕಾರು ಜಮೆ ಸೇರಿಕೊಂಡಿದ್ದವು. ಇಳಿದದ್ದು ಸಾಹೇಬರ ಚೆಕ್ಕಿನಿಂದಲೇ ಎಂದು ನಾನು ಯಾವ ಬಾಯಲ್ಲಿ ಹೇಳಲಿ.

ಬ್ಯಾಂಕಿಗೆ ಕಾಗದ ಬರೆದೆ. ಕನ್ನಡದಲ್ಲೇ, ನನ್ನ ಕೈಯಾರೆ. ಅದರ ಒಂದು ನಕಲು ಇನ್ನೂ ನನ್ನ ಹತ್ತಿರ ಇದೆ.

"ಮಾನ್ಯ ಶಾಖಾ ವ್ಯವಸ್ಥಾಪಕರಿಗೆ ನಮಸ್ಕಾರಗಳು. ನಾನು ನಿಮ್ಮ ಶಾಖೆಯಲ್ಲಿ ಚಾಲ್ತಿ ಖಾತೆ ಹೊಂದಿದ್ದು ಚಂದ್ರಿಕೆ ವ್ಯಾಪಾರ ಮಾಡುತ್ತಿದ್ದೇನೆ. ತಾವು ಕೊಟ್ಟ ಯುಗಾದಿ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಮೂರನೇ ಹಾಳೆಯ ಅಚ್ಚು ಮಾಸಿಹೋಗಿ ಒಂದು ಅಂಕಿಯೂ ಓದಲು ಬರುತ್ತಿಲ್ಲ. ಮಾಸಿದ ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಒಬ್ಬರಿಗೆ ದುಡ್ಡು ಸಂದಿದೆ ಎಂದು ತೋರಿಸಲು ಈ ಹಾಳೆ ತುರ್ತಾಗಿ ಬೇಕಾಗಿದೆ. ದಯವಿಟ್ಟು ಆ ಹಾಳೆಯ ಸ್ಪಷ್ಟವಾದ ಇನ್ನೊಂದು ಪ್ರತಿ ಕೊಡಿಸಿಕೊಡಬೇಕು. ಅದಕ್ಕೆ ಶುಲ್ಕವೇನಾದರೂ ಇದ್ದರೆ ನನ್ನ ಖಾತೆಯಿಂದ ತೆಗೆದುಕೊಳ್ಳಬಹುದು."

ಕೆಳಗೆ ಖಾತೆ ನಂಬರು ಹಾಕಿ ರುಜು ಮಾಡಿದೆ. ರುಜುವಿನ ಕೆಳಗೆ ಇನ್ನೂ ಒಂದು ಸಾಲು ಬರೆದೆ. "ಈ ಕಾಗದ ತಂದವರ ಕೈಯಲ್ಲಿ ಕೊಟ್ಟು ಕಳಿಸಿ." ಯಾರೂ ಹೇಳಿಕೊಟ್ಟಿದ್ದಲ್ಲ. ನಮ್ಮ ಕಡೆ ಎಲ್ಲ ಚೀಟಿಯ ಕೆಳಗೂ ಆ ಸಾಲು ಇರುತ್ತಿತ್ತು, ದಿನಸಿ ಅಂಗಡಿಯ ಚೀಟಿಗೂ, ಔಷಧಿ ಚೀಟಿಗೂ. ಅಭ್ಯಾಸಬಲದಿಂದ ಕೈ ತಾನೇ ಬರೆಯಿತು.

ಅಣ್ಣ ಅವತ್ತು ಬಂದಿದ್ದ. ಕಾಗದವನ್ನು ಎರಡು ಸಲ ಓದಿದ. "ಇದೆಲ್ಲ ಯಾಕಮ್ಮ, ಸಾಹೇಬ್ರ ಹತ್ರ ನಾನು ಮಾತಾಡ್ತೀನಿ ಬಿಡು" ಅಂದ.

"ಮಾತಾಡೋದೇನಿದೆ? ಚೆಕ್ಕು ಕೊಟ್ಟೋನು ನೀನು. ಹಾಳೆ ತಂದು ಅವರ ಮುಖದ ಮೇಲೆ ಎಸೀತೀನಿ."

"ಸರಿ, ನಾನೇ ಕೊಟ್ಟು ಬರ್ತೀನಿ. ನೀನು ಕೆಲಸ ನೋಡ್ಕೊ" ಎಂದು ಜೇಬಿಗಿಟ್ಟುಕೊಂಡ. ಅಮ್ಮ ಪಕ್ಕದಲ್ಲೇ ಬಿದಿರು ಪಟ್ಟಿ ಸವರುತ್ತಾ ಕೂತಿದ್ದಳು. ತಲೆ ಎತ್ತಲಿಲ್ಲ.

ಮುಂದಿನ ಗುರುವಾರ ಕೇಳಿದೆ. "ರಿಬ್ಬನ್ನು ಬಂದಿಲ್ವಂತೆ, ಹೆಡ್ಡಾಫೀಸಿಂದ ಬರಬೇಕಂತೆ" ಅಂದ. ಸೋಮವಾರ ಕೇಳಿದೆ. "ಆ ಗುಮಾಸ್ತ ರಜಾ ಹಾಕವ್ನೆ." ಮತ್ತೆ ಗುರುವಾರ. "ಹೋಗಿದ್ದೆ ಕಣಮ್ಮ, ಹಳೇದೆಲ್ಲ ಕಂಪ್ಯೂಟರಲ್ಲಿ ಸಿಗ್ತಾ ಇಲ್ವಂತೆ. ಬ್ಯಾಂಕಿನೋರ ಕೆಲಸ ಗೊತ್ತಲ್ಲ ನಿಂಗೆ." ಪ್ರತಿ ಸಲವೂ ಬ್ಯಾಂಕಿನವರನ್ನು ನನಗಿಂತ ಜೋರಾಗಿ ಬೈಯುತ್ತಿದ್ದ.

ಇತ್ತ ಬಿದಿರು ಕರಗುತ್ತಿತ್ತು. ಬೀದಿಯಲ್ಲಿ ನನ್ನನ್ನು ನೋಡಿದರೆ ಮಾತು ನಿಲ್ಲಿಸುವವರು ಹೆಚ್ಚಾದರು. ಇಬ್ಬರು ರೈತರು ಮುಂಗಡ ವಾಪಸ್ಸು ಕೇಳಿ ತೆಗೆದುಕೊಂಡು ಹೋದರು. ಊಟಕ್ಕೆ ಕೂತಾಗಲೆಲ್ಲ ನಾನು ಅಮ್ಮನ ಮುಂದೆ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಳ್ಳುತ್ತಿದ್ದೆ. ಸಾಹೇಬರಿಗೆ ಶಾಪ, ಬ್ಯಾಂಕಿಗೆ ಶಾಪ. ಅಮ್ಮ "ಉಣ್ಣೇ, ಅನ್ನದ ಮುಂದೆ ಕೂತು ಹಂಗೆಲ್ಲ ಅನ್ನಬಾರ್ದು" ಅನ್ನುತ್ತಾ ಸಾರು ಬಡಿಸುತ್ತಿದ್ದಳು.

ಕೊನೆಯ ಬಿದಿರು ಸೀಳಿದ ಬೆಳಗ್ಗೆ ಇಸ್ತ್ರಿ ಸೀರೆ ಉಟ್ಟು ಹೊರಟೆ. "ಅಣ್ಣ ಬರ್ಲಿ, ನಾಳೆ ಹೋಗೋವಂತೆ" ಎಂದು ಅಮ್ಮ ಬಾಗಿಲಿಗೆ ಅಡ್ಡ ಬಂದಳು. ಕೈ ಸರಿಸಿ ನಡೆದೆ.

ಬ್ಯಾಂಕಿನಲ್ಲಿ ಗೂಡು ಮಾರುಕಟ್ಟೆಯ ದಿನದ ಜನ. ಗೂಡಿನಿಂದ ನೂಲು ತೆಗೆಸುವ ರೀಲರುಗಳು ಹಿತ್ತಾಳೆ ಟೋಕನ್ನು ಹಿಡಿದು ಕ್ಯಾಷಿಯರ್ ಮುಂದೆ ಗುಂಪಾಗಿದ್ದರು. ನಾನು ನೇರ ಒಳಗೆ ಆಫೀಸರ ಮೇಜಿಗೆ ಹೋದೆ. ತೆಳ್ಳಗಿನ, ಕನ್ನಡಕದ ಮನುಷ್ಯ. ಹೊಸದಾಗಿ ವರ್ಗವಾಗಿ ಬಂದವರು.

"ಏನ್ರೀ, ಒಂದು ಹಾಳೆ ಅಚ್ಚು ಹಾಕಿಕೊಡೋಕೆ ನಿಮಗೆ ಎಷ್ಟು ದಿನ ಬೇಕು?" ಎಂದು ಶುರು ಮಾಡಿದೆ. ಜೋಡಿಸಿಕೊಂಡು ಬಂದದ್ದನ್ನೆಲ್ಲ ಹೇಳಿದೆ. ದಿನಕ್ಕೊಂದು ನೆಪ, ಬಡವರೆಂದರೆ ಸಸಾರ, ನನ್ನ ಹೊಟ್ಟೆಯ ಮೇಲೆ ಹೊಡೆದಿದ್ದೀರಿ ಅಂದೆ. ರೀಲರುಗಳೆಲ್ಲ ತಿರುಗಿ ನೋಡಿದರು. ಆಫೀಸರು ಮಧ್ಯೆ ಬಾಯಿ ಹಾಕಲಿಲ್ಲ. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, "ಖಾತೆ ನಂಬರು ಹೇಳಿಯಮ್ಮ" ಅಂದರು.

ಒಂದು ಫೈಲು ತೆಗೆದರು. ನನ್ನ ಕಾಗದ ಅದರಲ್ಲಿತ್ತು. ಮೇಲೆ ಬ್ಯಾಂಕಿನ ಸೀಲು, ಬಂದ ತಾರೀಕು, ಪಕ್ಕದಲ್ಲಿ ಮ್ಯಾನೇಜರು ಹಸಿರು ಶಾಯಿಯಲ್ಲಿ "ಪ್ರತಿ ಕೊಡಿ" ಎಂದು ಬರೆದ ಒಕ್ಕಣೆ. ಆಮೇಲೆ ಒಂದು ರಿಜಿಸ್ಟರು ತಂದು ನನ್ನ ಕಡೆ ತಿರುಗಿಸಿ ಸಾಲಿನ ಮೇಲೆ ಬೆರಳಿಟ್ಟರು.

"ಕಾಗದ ಕೊಟ್ಟ ಮೂರನೇ ದಿನವೇ ಪ್ರತಿ ಕೊಟ್ಟಿದೀವಮ್ಮ. ಹೊಸ ರಿಬ್ಬನ್ ಹಾಕಿಸಿ ನಾನೇ ತೆಗೆಸಿದ್ದು. ತಂದವರ ಕೈಲಿ ಕೊಡಿ ಅಂತ ನೀವೇ ಬರೆದಿದ್ರಿ. ನಿಮ್ಮ ಅಣ್ಣ ಅಂತೆ, ಇಸ್ಕೊಂಡು ರುಜು ಮಾಡಿದಾರೆ, ನೋಡಿ."

ನೋಡಿದೆ. ಅಣ್ಣನ ರುಜು. ಕೊನೆಯ ಅಕ್ಷರದ ಬಾಲವನ್ನು ಉದ್ದಕ್ಕೆ ಎಳೆಯುವುದು ಅವನ ಅಭ್ಯಾಸ. ಅವನು ರುಜು ಮಾಡಿ ಅವತ್ತಿಗೆ ಹತ್ತೊಂಬತ್ತು ದಿನ ಆಗಿತ್ತು.

ಆಗಲೂ ನನ್ನ ಮನಸ್ಸು ಅವನ ಪರವಾಗಿ ವಕಾಲತ್ತು ಮಾಡಿತು, ನಿಮಗೆ ನಗು ಬರಬಹುದು. ಎಲ್ಲೋ ಕಳೆದುಕೊಂಡಿರಬೇಕು, ನಾನು ಬೈಯುತ್ತೇನೆಂದು ಹೆದರಿ ರಿಬ್ಬನ್ನು ರಜಾ ಎಂದು ಕತೆ ಕಟ್ಟಿರಬೇಕು. ನನ್ನ ಬಾಯಿಗೆ ಹೆದರದವರು ಯಾರು? "ಅವನಿಂದ ಎಲ್ಲೋ ಕಳೆದುಹೋಗಿದೆ ಸಾರ್, ಇನ್ನೊಂದು ಕೊಡಿ" ಎಂದು ಮೆತ್ತಗೆ ಕೇಳಿದೆ. ಆ ಪುಣ್ಯಾತ್ಮ ಒಂದು ಮಾತೂ ಎದುರಾಡದೆ ಎದ್ದುಹೋಗಿ ಅಚ್ಚು ಹಾಕಿಸಿ ತಂದರು.

ಕಪ್ಪಗೆ, ಮುದ್ದಾಗಿ ಬಂದಿತ್ತು ಹಾಳೆ. ಸಾಹೇಬರ ಚೆಕ್ಕಿನ ನಂಬರು ನನಗೆ ಬಾಯಿಪಾಠ, ಚೆಕ್ ಪುಸ್ತಕದಲ್ಲಿ ಉಳಿಯುವ ತುಂಡಿನಲ್ಲಿ ಬರೆದಿಟ್ಟಿದ್ದೆ. ಮೇಲಿನಿಂದ ಬೆರಳಿಟ್ಟುಕೊಂಡು ಬಂದೆ. ಐದನೇ ಸಾಲು. ಅದೇ ನಂಬರು, ಅದೇ ಮೊತ್ತ, ನಾನು ಚೆಕ್ಕು ಬರೆದ ದಿನವೇ ಪಾಸಾಗಿದೆ. ವಿವರದ ಜಾಗದಲ್ಲಿ ಕ್ಯಾಶ್ ಎಂದು ಇತ್ತು.

"ಹೋಗಿದೆ ನೋಡಿ ಸಾರ್, ದುಡ್ಡು ಹೋಗಿದೆ" ಅಂದೆ. ಎಷ್ಟು ಖುಷಿಯಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಸಾಹೇಬರು ನಗದು ತೆಗೆದು ಮರೆತಿದ್ದಾರೆ, ಇಲ್ಲವೇ ಲಾರಿಯವನಿಗೆ ದಾಟಿಸಿ ಮರೆತಿದ್ದಾರೆ. ಒಂದೇ ಏಟಿಗೆ ನನ್ನ ಮರ್ಯಾದೆ ವಾಪಸ್ಸು ಬಂತು ಅಂದುಕೊಂಡೆ.

"ಯಾರು ತಗೊಂಡಿದಾರೆ ಅಂತ ಇದರಲ್ಲಿ ಬರಲ್ಲಮ್ಮ" ಎಂದು ಆಫೀಸರು ನಿಧಾನವಾಗಿ ಹೇಳಿದರು. "ಗೆರೆ ಎಳೀದೆ ಇರೋ ಚೆಕ್ಕು, ಯಾರು ತಂದ್ರೂ ಕೊಡ್ತೀವಿ. ಆದ್ರೆ ದುಡ್ಡು ತಗೊಂಡವರು ಚೆಕ್ಕಿನ ಹಿಂದೆ ರುಜು ಹಾಕಿರ್ತಾರೆ. ಚೆಕ್ಕು ನಮ್ಮ ಹತ್ರಾನೇ ಇರುತ್ತೆ. ನೋಡಬೇಕಾ?"

ಬೇಡ ಅನ್ನಬಹುದಿತ್ತು. ಆ ಹಾಳೆ ಹಿಡಿದುಕೊಂಡು ಮಂಡಿಗೆ ಓಡಿದ್ದರೆ ಸಾಹೇಬರೇ ಸುಳ್ಳರಾಗುತ್ತಿದ್ದರು, ನಾನು ಗೆದ್ದಿರುತ್ತಿದ್ದೆ. ಆದರೆ ಆ ಮನುಷ್ಯ ಬೇಕಾ ಎಂದು ಕೇಳಿದ ರೀತಿಯಲ್ಲಿ ಏನೋ ಇತ್ತು. "ತೋರಿಸಿ" ಅಂದೆ.

ಒಳಗಿನ ಕೋಣೆಯಿಂದ ಆ ದಿನದ ಓಚರುಗಳ ಕಟ್ಟು ತರಿಸಿದರು. ದಾರ ಬಿಚ್ಚಿ, ಒಂದೊಂದೇ ಮಗುಚಿ, ನನ್ನ ಚೆಕ್ಕು ಸಿಕ್ಕಿದಾಗ ಅದನ್ನು ತಿರುವಿ ಮೇಜಿನ ಮೇಲೆ ಇಟ್ಟರು.

ಬಾಲ ಎಳೆದ ರುಜು. ಸಾಹೇಬರ ಹೆಸರು ಹಾಕಿ ಮೋಸವನ್ನೂ ಮಾಡಿರಲಿಲ್ಲ ಅವನು. ತನ್ನ ಹೆಸರನ್ನೇ ದೊಡ್ಡದಾಗಿ ಬರೆದಿದ್ದ. ಇವಳು ಇಲ್ಲಿಯವರೆಗೂ ಬಂದು ನೋಡುತ್ತಾಳಾ ಎಂಬ ಧೈರ್ಯ. ಮೈಯೆಲ್ಲ ಉರಿದುಹೋಯಿತು. ಆಫೀಸರು ನೀರು ತರಿಸಿಕೊಟ್ಟರು. ಲೋಟವನ್ನು ಹಾಗೆಯೇ ಇಟ್ಟು ಎದ್ದೆ.

ಮಂಡಿಗೆ ಹೋದೆ. ಸಾಹೇಬರು ಬಿದಿರಿನ ಅಟ್ಟಿಯ ಪಕ್ಕ ಮುಕ್ಕಾಲಿಯ ಮೇಲೆ ಕೂತಿದ್ದರು. ಹೇಗೆ ಶುರು ಮಾಡಬೇಕೋ ತಿಳಿಯದೆ ಹಾಳೆಯನ್ನು ಮುಂದೆ ಹಿಡಿದೆ. "ನಿಮಗೆ ಬಂದಿಲ್ಲ ಸಾಹೇಬ್ರೇ. ನನ್ನ ಅಣ್ಣ ತಗೊಂಡವ್ನೆ. ನಾನು ಅವತ್ತು ಅಂದಿದ್ದು ತಪ್ಪಾಯ್ತು" ಅಂದೆ. ಅಷ್ಟು ಹೇಳುವುದಕ್ಕೆ ನನಗೆ ಹೆರಿಗೆ ನೋವಿನಷ್ಟು ಕಷ್ಟವಾಯಿತು.

ಅವರು ಹಾಳೆಯನ್ನು ನೋಡಲೇ ಇಲ್ಲ. "ಕೂತ್ಕೊಳ್ಳಿ ಅಮ್ಮಾ" ಅಂದರು. ಆಮೇಲೆ ಅವರೇ ಹೇಳಿದರು, "ಮೂರು ತಿಂಗಳು ನಾನು ಯಾಕೆ ಕೇಳಲಿಲ್ಲ ಗೊತ್ತಾ? ನಿಮ್ಮ ಅಣ್ಣ ಬಂದು ಹೇಳಿದ್ರು. ತಂಗಿ ಕೈಲಿ ಕಾಸಿಲ್ಲ, ವ್ಯಾಪಾರ ಬಿದ್ದುಹೋಗಿದೆ, ನೀವು ಕೇಳಿದ್ರೆ ನೊಂದ್ಕೋತಾಳೆ, ಒಂದಷ್ಟು ದಿನ ಸುಮ್ನಿರಿ ಅಂತ. ನನಗೂ ಹೆಣ್ಣುಮಕ್ಕಳಿದಾರೆ. ಸುಮ್ನಿದ್ದೆ."

ಆಗ ಗೊತ್ತಾಯಿತು ನನಗೆ, ಯುಗಾದಿಯಿಂದಲೇ ನಾನು ದಿವಾಳಿಯಾದವಳು ಎಂಬ ಹೆಸರು ಹೊತ್ತು ಆ ಬೀದಿಯಲ್ಲಿ ಓಡಾಡುತ್ತಿದ್ದೆ. ಅಣ್ಣ ದುಡ್ಡು ತಿಂದದ್ದು ಒಂದು. ನನ್ನ ಹೆಸರನ್ನೂ ಮಾರಿಕೊಂಡು ತಿಂದಿದ್ದ. ಸಾಹೇಬರು ಮಾರನೆಯ ದಿನ ಲೋಡು ಕಳಿಸುತ್ತೇನೆ, ಹಳೆಯದನ್ನು ಕಂತಿನಲ್ಲಿ ಕೊಡಿ ಅಂದರು. ಅವರ ಮುಖ ನೋಡಿ ಆಯಿತು ಅನ್ನಲೂ ನನಗೆ ನಾಚಿಕೆಯಾಯಿತು.

ಅವತ್ತು ಗುರುವಾರ. ಮನೆಗೆ ಬರುವಷ್ಟರಲ್ಲಿ ಅಣ್ಣ ಬಂದಿದ್ದ. ಅಮ್ಮ ಅವನಿಗೆ ಮುದ್ದೆ ಬಡಿಸಿದ್ದಳು. ನಾನು ಹಾಳೆಯನ್ನು ಅವನ ತಟ್ಟೆಯ ಪಕ್ಕ ಇಟ್ಟೆ.

"ಚೆಕ್ಕಿನ ಹಿಂದೆ ನೋಡ್ಕೊಂಡು ಬಂದೆ" ಅಂದೆ.

ಅವನು ಕೈ ತೊಳೆದ. ಅಳುತ್ತಾನೆ, ಕಾಲಿಗೆ ಬೀಳುತ್ತಾನೆ, ಏನಾದರೊಂದು ಮಾಡುತ್ತಾನೆ ಅಂದುಕೊಂಡಿದ್ದೆ. ಅವನಿಗೆ ಬಂದದ್ದು ಸಿಟ್ಟು. "ಬ್ಯಾಂಕಿಗೆ ಹೋಗಿ ನನ್ನ ಮೇಲೆ ವಿಚಾರಣೆ ಮಾಡಿಸ್ಕೊಂಡು ಬಂದ್ಯಾ? ಎಷ್ಟು ಜನ ಇದ್ರು ಅಲ್ಲಿ? ನಿನ್ನ ಗಂಡ ಸತ್ತಾಗಿಂದ ಕತ್ತೆ ಥರ ಓಡಾಡಿದೀನಲ್ಲ, ಒಂದು ದಿನ ಕೂಲಿ ಕೇಳಿದ್ನಾ? ಚಿಂತಾಮಣಿಲಿ ಅಂಗಡಿಗೆ ಅಡ್ವಾನ್ಸ್ ಕಟ್ಟಬೇಕಿತ್ತು, ತಗೊಂಡೆ. ಕೊಡ್ತಿದ್ದೆ ಆಮೇಲೆ. ಅಂಗಡಿ ನಡೆದ್ರೆ ನಿಂಗೂ ತಾನೆ ಆಸರೆ?"

"ಕೇಳಿದ್ರೆ ಕೊಡ್ತಿರಲಿಲ್ವಾ ನಾನು?"

"ಕೊಡ್ತಿದ್ದೆ ನೀನು. ಆಮೇಲೆ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ದೆ."

ಆ ಮಾತಿನಲ್ಲಿ ಸ್ವಲ್ಪ ನಿಜವಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಕಳ್ಳ ಅಂದೆ, ತಂಗಿಯ ಅನ್ನಕ್ಕೆ ಮಣ್ಣು ಹಾಕಿದವನು ಅಂದೆ. ಬ್ಯಾಂಕಿನವರು ಮೊದಲು ಕೊಟ್ಟ ಹಾಳೆ ಎಲ್ಲಿ, ಸುಟ್ಟುಹಾಕಿದೆಯಾ ಎಂದು ಕೇಳಿದೆ.

ಅವನು ಅಮ್ಮನ ಕಡೆ ನೋಡಿದ.

ಅಮ್ಮ ಎದ್ದಳು. ಮೂಲೆಯಲ್ಲಿದ್ದ ತನ್ನ ಪೆಟ್ಟಿಗೆಯ ಹತ್ತಿರ ಹೋಗಿ, ಸೀರೆಗಳ ಅಡಿಗೆ ಕೈ ಹಾಕಿ, ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದಳು. ಎರಡು ಬದಿ ತೂತಿನ ಹಾಳೆ, ಕಪ್ಪನೆಯ ಅಚ್ಚು. ನಾನು ಅವತ್ತು ತಂದದ್ದರ ತದ್ರೂಪ.

"ಅವನು ಹರಿದು ಹಾಕ್ತೀನಿ ಅಂದ. ನಾನೇ ಬೇಡ ಅಂದೆ. ಬ್ಯಾಂಕಿನ ಕಾಗದ ಹರೀಬಾರ್ದು, ಇಲ್ಲಿ ಕೊಡು, ಇಟ್ಟಿರ್ತೀನಿ ಅಂದೆ" ಅಂದಳು.

ಅಮ್ಮನಿಗೆ ಓದು ಬರಹ ಬರುವುದಿಲ್ಲ. ಅದರಲ್ಲಿ ಏನಿದೆ ಎಂದು ಮಾತ್ರ ಚೆನ್ನಾಗಿ ಗೊತ್ತಿತ್ತು.

"ಚೆಕ್ಕಿಂದೂ ಗೊತ್ತಿತ್ತಾ?"

"ಗೊತ್ತಿತ್ತು. ತಗೋ, ಆಮೇಲೆ ಕೊಡೋವಂತೆ ಅಂತ ನಾನೇ ಹೇಳಿದ್ದು. ಅವನು ಗಂಡಸು ಕಣೇ. ನಾಲ್ಕು ಜನರ ಮುಂದೆ ಅವನ ಮಾನ ಹೋದ್ರೆ ಮತ್ತೆ ಬರಲ್ಲ."

"ನಂದು?"

ಅಮ್ಮ ಅಣ್ಣನ ಊಟದ ತಟ್ಟೆಯನ್ನು ಎತ್ತಿ ಬದಿಗಿಟ್ಟಳು.

ಅಣ್ಣನ ಮೇಲಿನ ಸಿಟ್ಟು ವರ್ಷಗಳಲ್ಲಿ ಒಂದಿಷ್ಟು ಕರಗಿದೆ. ಅವನ ಅಂಗಡಿ ನಡೆಯಲಿಲ್ಲ, ದುಡ್ಡನ್ನು ಮೂರು ವರ್ಷ ತೆಗೆದುಕೊಂಡು ಚೂರು ಚೂರಾಗಿ ಕೊಟ್ಟ. ಆದರೆ ಆ ಹತ್ತೊಂಬತ್ತು ದಿನ ನನಗೆ ಕರಗುವುದಿಲ್ಲ. ನಾನು ಅಳುತ್ತಾ ಉಣ್ಣುತ್ತಿದ್ದೆ, ನನಗೆ ಬೇಕಾದ ಹಾಳೆ ನನ್ನ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿತ್ತು, ಅದನ್ನು ಬಚ್ಚಿಟ್ಟವಳು ನನಗೆ ಸಾರು ಬಡಿಸುತ್ತಿದ್ದಳು. ಅಮ್ಮ ಎಂದು ನಾನು ಆಮೇಲೂ ಕರೆದಿದ್ದೇನೆ, ಅವಳು ಹಾಸಿಗೆ ಹಿಡಿದಾಗ ಕೊನೆಯವರೆಗೂ ನೋಡಿಕೊಂಡಿದ್ದೇನೆ. ಆ ದಿನಗಳ ಹಾಗೆ ಅವಳ ಮುಂದೆ ಕೂತು ಮನಸ್ಸು ಬಿಚ್ಚಿದ್ದು ಮಾತ್ರ ಇಲ್ಲ.

ಮಾರನೆಯ ದಿನ ಲೋಡು ಇಳಿಯಿತು. ಹೆಣೆಯುವವರನ್ನು ಕೂರಿಸಿ ಮತ್ತೆ ಬ್ಯಾಂಕಿಗೆ ಹೋದೆ. ಈ ಸಲ ಕೆಲಸದ ಸೀರೆಯಲ್ಲೇ ಹೋಗಿದ್ದೆ. ಇನ್ನೊಂದು ಕಾಗದ ಬರೆದು ತಂದಿದ್ದೆ, ಇನ್ನು ಮುಂದೆ ನನ್ನ ಖಾತೆಯ ಯಾವ ಕಾಗದವನ್ನೂ ಚೆಕ್ ಪುಸ್ತಕವನ್ನೂ ನನ್ನ ಹೊರತು ಯಾರ ಕೈಗೂ ಕೊಡಬಾರದು ಎಂದು.

ಅದೇ ಆಫೀಸರು ಓದಿದರು. ಸೀಲು ಹೊಡೆದರು. ಆಮೇಲೆ ಪೆನ್ನನ್ನು ನನ್ನ ಕಡೆ ಚಾಚಿ, "ಒಳ್ಳೇದಾಯ್ತಮ್ಮ. ಆದ್ರೂ ನಿಮಗೆ ಹುಷಾರಿಲ್ದೆ ಇದ್ದಾಗ, ಬರೋಕೆ ಆಗ್ದೆ ಇದ್ದಾಗ ಬೇಕಾಗುತ್ತೆ. ನಂಬಿಕೆ ಇರೋರು ಮನೇಲಿ ಯಾರಾದ್ರೂ ಒಬ್ಬರ ಹೆಸರು ಕೆಳಗೆ ಬರೆದುಬಿಡಿ, ಅವರ ರುಜು ಆಮೇಲೆ ತಗೋತೀವಿ" ಅಂದರು.

ಪೆನ್ನು ತೆಗೆದುಕೊಂಡೆ. ಹಿಂದೆ ನಿಂತಿದ್ದ ರೀಲರು ಬೇಗ ಮಾಡಿಯಮ್ಮ ಎಂದು ಗೊಣಗಿದ. ಮಗಳಿಗೆ ಆಗ ಎಂಟೇ ವರ್ಷ. ಬಹಳ ಹೊತ್ತು ಯೋಚಿಸಿದೆ, ಬರೆಯಲು ಇನ್ನೊಂದು ಹೆಸರು ಸಿಗಲಿಲ್ಲ.